ಒಂದೇ ಅಣು, ಎರಡು ದಾರಿ: ನೇರ ಸಂಕಲನ ಮತ್ತು ಸಂಯುಗ್ಮಿತ ಸಂಕಲನ

ಕೀಟೋನಿಗೆ ಗ್ರಿನ್ಯಾರ್ ಕಾರಕವನ್ನು ಸೇರಿಸಿದರೆ ತೃತೀಯಕ ಆಲ್ಕೊಹಾಲ್ ದೊರೆಯುತ್ತದೆ ಎಂಬುದನ್ನು ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳೂ ಬಲ್ಲರು. ಕಾರ್ಬೊನಿಲ್ ಗುಂಪಿನ ಕಾರ್ಬನ್ ಎಲೆಕ್ಟ್ರಾನ್ ಕೊರತೆಯಿಂದ ಕೂಡಿದ್ದು, ಗ್ರಿನ್ಯಾರ್ ಕಾರಕದ ಕಾರ್ಬನ್ ಅಲ್ಲಿಗೆ ಹೋಗಿ ಬಂಧ ರಚಿಸುತ್ತದೆ. ಇಲ್ಲಿ ಬೇರೆ ದಾರಿಯ ಮಾತೇ ಇಲ್ಲ. ಆದರೆ ಕೀಟೋನಿನ ಪಕ್ಕದಲ್ಲೇ ಒಂದು ಕಾರ್ಬನ್-ಕಾರ್ಬನ್ ದ್ವಿಬಂಧವೂ ಇದ್ದರೆ ಏನಾಗುತ್ತದೆ? ಆಗ ಬಂದ ಕಾರಕಕ್ಕೆ ಎರಡು ನೆಲೆಗಳು ತೆರೆದಿರುತ್ತವೆ. ಯಾವುದನ್ನು ಅದು ಆರಿಸಿಕೊಳ್ಳುತ್ತದೆ, ಏಕೆ ಆರಿಸಿಕೊಳ್ಳುತ್ತದೆ ಎಂಬುದೇ ಈ ಲೇಖನದ ವಿಷಯ.

ಇದನ್ನು ತಿಳಿಯಲು 1941ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಮೋರಿಸ್ ಖರಾಷ್ ಮತ್ತು ಟಾನಿ ಪ್ರಕಟಿಸಿದ ಒಂದು ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು ಐಸೊಫೋರೋನ್ ಎಂಬ ಕೀಟೋನಿಗೆ ಮೀಥೈಲ್ ಮೆಗ್ನೀಸಿಯಮ್ ಬ್ರೋಮೈಡ್ ಸೇರಿಸಿದರು. ಮೊದಲ ಬಾರಿ ಹಾಗೆಯೇ ಸೇರಿಸಿದರು. ಇನ್ನೊಂದು ಬಾರಿ, ಕೀಟೋನಿನ ನೂರು ಅಣುಗಳಿಗೆ ಒಂದರಂತೆ ಕ್ಯುಪ್ರಸ್ ಕ್ಲೋರೈಡನ್ನೂ ಹಾಕಿದರು. ಎರಡೂ ಪ್ರಯೋಗಗಳ ಫಲಿತಾಂಶ ಬೇರೆ ಬೇರೆಯೇ ಆಯಿತು.

ಎರಡು ನೆಲೆಗಳು

ಮೊದಲು ಅಣುವಿನ ರಚನೆಯನ್ನು ನೋಡೋಣ. ಕಾರ್ಬೊನಿಲ್ ಕಾರ್ಬನ್ನಿಗೆ ಅಂಟಿಕೊಂಡ ಕಾರ್ಬನ್ನನ್ನು ಆಲ್ಫಾ ಎಂದೂ, ಅದರ ಮುಂದಿನದನ್ನು ಬೀಟಾ ಎಂದೂ ಕರೆಯುತ್ತೇವೆ. ಆಲ್ಫಾ ಮತ್ತು ಬೀಟಾ ಕಾರ್ಬನ್‌ಗಳ ನಡುವೆ ದ್ವಿಬಂಧವಿದ್ದರೆ ಅದು ಆಲ್ಫಾ-ಬೀಟಾ ಅಪರ್ಯಾಪ್ತ ಕಾರ್ಬೊನಿಲ್ ಸಂಯುಕ್ತ. ಇದರಲ್ಲಿ O=C–C=C ಎಂಬ ನಾಲ್ಕು ಪರಮಾಣುಗಳ ಸರಣಿ ಇರುತ್ತದೆ. ಎರಡು ದ್ವಿಬಂಧಗಳ ನಡುವೆ ಒಂದೇ ಒಂದು ಏಕಬಂಧವಿರುವುದರಿಂದ ಪೈ ಎಲೆಕ್ಟ್ರಾನ್‌ಗಳು ನಾಲ್ಕೂ ಪರಮಾಣುಗಳ ಮೇಲೆ ಹರಡಿಕೊಳ್ಳುತ್ತವೆ. ಇದೇ ಸಂಯುಗ್ಮನ.

ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುವ ಪರಮಾಣು. ಆದುದರಿಂದ ಕಾರ್ಬೊನಿಲ್ ಕಾರ್ಬನ್ ಮೇಲೆ ಭಾಗಶಃ ಧನ ಆವೇಶ ಉಂಟಾಗುತ್ತದೆ. ಆದರೆ ಅನುರಣನ ರಚನೆಗಳನ್ನು ಬರೆದು ನೋಡಿ. ಆಕ್ಸಿಜನ್ನಿನ ಮೇಲೆ ಋಣ ಆವೇಶವನ್ನಿಟ್ಟು, ದ್ವಿಬಂಧವನ್ನು ನಡುವಿನ ಎರಡು ಕಾರ್ಬನ್‌ಗಳ ಮಧ್ಯೆ ಸರಿಸಿದರೆ, ಧನ ಆವೇಶ ಬೀಟಾ ಕಾರ್ಬನ್ನಿಗೆ ಬಂದು ನಿಲ್ಲುತ್ತದೆ. ಅಂದರೆ ಎಲೆಕ್ಟ್ರಾನ್ ಕೊರತೆ ಎರಡು ಕಡೆ ಇದೆ. ಆಲ್ಫಾ ಕಾರ್ಬನ್ನಿಗೆ ಮಾತ್ರ ಈ ಕೊರತೆ ಬರುವುದಿಲ್ಲ. ಎಲೆಕ್ಟ್ರಾನ್ ಜೋಡಿಯನ್ನು ದಾನ ಮಾಡುವ ನ್ಯೂಕ್ಲಿಯೋಫೈಲ್ ಈ ಎರಡರಲ್ಲಿ ಯಾವುದನ್ನಾದರೂ ಸೇರಬಹುದು.

ಕಾರ್ಬೊನಿಲ್ ಕಾರ್ಬನ್ನಿಗೆ ಸೇರಿದರೆ ಅದು ನೇರ ಸಂಕಲನ, ಅಥವಾ 1,2 ಸಂಕಲನ. ಬೀಟಾ ಕಾರ್ಬನ್ನಿಗೆ ಸೇರಿದರೆ ಅದು ಸಂಯುಗ್ಮಿತ ಸಂಕಲನ, ಅಥವಾ 1,4 ಸಂಕಲನ. ಈ ಅಂಕೆಗಳು ವಿದ್ಯಾರ್ಥಿಗಳನ್ನು ಆಗಾಗ ಗೊಂದಲಕ್ಕೀಡುಮಾಡುತ್ತವೆ. ಇವು ಸಂಯುಕ್ತದ ಹೆಸರಿನಲ್ಲಿ ಬರುವ ಅಂಕೆಗಳಲ್ಲ. ಇಲ್ಲಿ ಎಣಿಕೆ ಆಕ್ಸಿಜನ್ನಿನಿಂದ ಆರಂಭವಾಗುತ್ತದೆ. ಆಕ್ಸಿಜನ್ 1, ಕಾರ್ಬೊನಿಲ್ ಕಾರ್ಬನ್ 2, ಆಲ್ಫಾ 3, ಬೀಟಾ 4. ನ್ಯೂಕ್ಲಿಯೋಫೈಲ್ ನಾಲ್ಕನೆಯದಕ್ಕೆ ಸೇರಿದಾಗ ಋಣ ಆವೇಶ ಒಂದನೆಯದಾದ ಆಕ್ಸಿಜನ್ನಿಗೆ ಹೋಗಿ ಈನೊಲೇಟ್ ಉಂಟಾಗುತ್ತದೆ. ಕೊನೆಗೆ ನೀರು ಹಾಕಿದಾಗ ಹೈಡ್ರೊಜನ್ ಸೇರಿ ಈನಾಲ್ ಆಗಿ, ಅದು ಮರುಹೊಂದಿಕೊಂಡು ಕೀಟೋನ್ ಆಗುತ್ತದೆ. ಆದ್ದರಿಂದ ಅಂತಿಮ ಉತ್ಪನ್ನವನ್ನಷ್ಟೇ ನೋಡಿದವರಿಗೆ 3 ಮತ್ತು 4ನೆಯ ಸ್ಥಾನಗಳಿಗೆ ಸಂಕಲನ ಆದಂತೆ ಕಾಣುತ್ತದೆ. ಕ್ರಿಯೆ ನಡೆದ ಬಗೆ ಮಾತ್ರ 1,4 ರೀತಿಯದು.

ಖರಾಷ್ ಮತ್ತು ಟಾನಿ ಕಂಡದ್ದು

ಐಸೊಫೋರೋನ್ ಎಂದರೆ 3,5,5-ಟ್ರೈಮೀಥೈಲ್ ಸೈಕ್ಲೊಹೆಕ್ಸ್-2-ಈನೋನ್. ಅಸಿಟೋನಿನ ಮೂರು ಅಣುಗಳು ಸೇರಿ ಉಂಟಾಗುವ ಈ ದ್ರವವನ್ನು ಬಣ್ಣ ಮತ್ತು ಮೆರುಗೆಣ್ಣೆಗಳಲ್ಲಿ ದ್ರಾವಕವಾಗಿ ಬಳಸುತ್ತಾರೆ. ಆರು ಕಾರ್ಬನ್‌ಗಳ ಉಂಗುರದಲ್ಲಿ ಒಂದನೆಯದು ಕಾರ್ಬೊನಿಲ್, ಎರಡು ಮತ್ತು ಮೂರರ ನಡುವೆ ದ್ವಿಬಂಧ. ಬೀಟಾ ಕಾರ್ಬನ್, ಅಂದರೆ ಮೂರನೆಯದು, ಈಗಾಗಲೇ ಒಂದು ಮೀಥೈಲ್ ಗುಂಪನ್ನು ಹೊತ್ತಿದೆ. ಐದನೆಯದರ ಮೇಲೆ ಎರಡು ಮೀಥೈಲ್ ಗುಂಪುಗಳಿವೆ. ಈ ಕಿಕ್ಕಿರಿದ ರಚನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಾಮ್ರವಿಲ್ಲದ ಪ್ರಯೋಗದಲ್ಲಿ ಶೇಕಡಾ 43ರಷ್ಟು ತೃತೀಯಕ ಆಲ್ಕೊಹಾಲೂ ಶೇಕಡಾ 48ರಷ್ಟು ಡೈಈನೂ ದೊರೆತವು. ಡೈಈನ್ ಎಂಬುದು ಬೇರೊಂದು ದಾರಿಯಿಂದ ಬಂದದ್ದಲ್ಲ. ನೇರ ಸಂಕಲನದಿಂದ ಉಂಟಾದ ಆಲ್ಕೊಹಾಲಿನಲ್ಲಿ ಹೈಡ್ರಾಕ್ಸಿಲ್ ಗುಂಪಿನ ಪಕ್ಕದಲ್ಲೇ ದ್ವಿಬಂಧವಿರುವುದರಿಂದ ಅದು ಬಲು ಸುಲಭವಾಗಿ ನೀರಿನ ಅಣುವೊಂದನ್ನು ಕಳೆದುಕೊಂಡು ಡೈಈನ್ ಆಗುತ್ತದೆ. ಎರಡನ್ನೂ ಕೂಡಿಸಿದರೆ ಶೇಕಡಾ 91. ಅಂದರೆ ಬಹುಪಾಲು ನೇರ ಸಂಕಲನವೇ ನಡೆದಿದೆ.

ಶೇಕಡಾ ಒಂದರಷ್ಟು ಕ್ಯುಪ್ರಸ್ ಕ್ಲೋರೈಡ್ ಇದ್ದಾಗ ಡೈಈನ್ ಶೇಕಡಾ 7ಕ್ಕೆ ಇಳಿಯಿತು. ಅದರ ಬದಲು ಶೇಕಡಾ 83ರಷ್ಟು 3,3,5,5-ಟೆಟ್ರಾಮೀಥೈಲ್ ಸೈಕ್ಲೊಹೆಕ್ಸನೋನ್ ಎಂಬ ಪರ್ಯಾಪ್ತ ಕೀಟೋನ್ ಬಂದಿತು. ಇದು ಸಂಯುಗ್ಮಿತ ಸಂಕಲನದ ಉತ್ಪನ್ನ.

ಪ್ರಮಾಣಗಳು ಮನಸ್ಸಿಗೆ ನಾಟುವಂತೆ ಒಂದು ಲೆಕ್ಕ ಮಾಡೋಣ. ಐಸೊಫೋರೋನಿನ ಅಣುಭಾರ 138. ನಾವು 0.1 ಮೋಲ್, ಅಂದರೆ 13.8 ಗ್ರಾಂ ತೆಗೆದುಕೊಂಡೆವೆನ್ನಿ. ಗ್ರಿನ್ಯಾರ್ ಕಾರಕ ತುಸು ಹೆಚ್ಚಾಗಿ 0.12 ಮೋಲ್ ಇರಲಿ. ಅದಕ್ಕೆ ಸುಮಾರು 2.9 ಗ್ರಾಂ ಮೆಗ್ನೀಸಿಯಮ್ ಬೇಕು. ಕ್ಯುಪ್ರಸ್ ಕ್ಲೋರೈಡ್ ಎಷ್ಟು? 0.001 ಮೋಲ್, ಎಂದರೆ ಬರಿಯ 0.1 ಗ್ರಾಂ, ಒಂದು ಚಿಟಿಕೆ. ಆ ಚಿಟಿಕೆ ಇಲ್ಲದಿದ್ದರೆ ಸುಮಾರು 6.6 ಗ್ರಾಂ ಆಲ್ಕೊಹಾಲ್ ಮತ್ತು 6.5 ಗ್ರಾಂ ಡೈಈನ್ ಸಿಗುತ್ತವೆ. ಇದ್ದರೆ 12.8 ಗ್ರಾಂ ಪರ್ಯಾಪ್ತ ಕೀಟೋನ್ ಸಿಗುತ್ತದೆ.

ಇಲ್ಲಿ ಆಶ್ಚರ್ಯಪಡಬೇಕಾದದ್ದು ಇಳುವರಿಯ ಬಗೆಗಲ್ಲ. ಮೀಥೈಲ್ ಗುಂಪು ಹೋಗಿ ಸೇರಿದ ಜಾಗದ ಬಗೆಗೆ. ಬೀಟಾ ಕಾರ್ಬನ್ ಮೇಲೆ ಆಗಲೇ ಒಂದು ಮೀಥೈಲ್ ಇತ್ತಷ್ಟೆ. ಸಾಮಾನ್ಯವಾಗಿ ಕಾರಕಗಳು ಕಿಕ್ಕಿರಿದ ಜಾಗವನ್ನು ಬಿಟ್ಟು ತೆರವಾದ ಜಾಗಕ್ಕೆ ಹೋಗುತ್ತವೆ ಎಂದು ನಾವು ಕಲಿಸುತ್ತೇವೆ. ತಾಮ್ರವಿದ್ದಾಗ ಮೀಥೈಲ್ ಗುಂಪು ಆ ಇಕ್ಕಟ್ಟಿನ ಕಾರ್ಬನ್ನಿಗೇ ಹೋಯಿತು. ಆದ್ದರಿಂದ ಜಾಗದ ಇಕ್ಕಟ್ಟೊಂದೇ ಉತ್ತರವಾಗಲಾರದು.

ಗಡಸು ಮತ್ತು ಮೃದು

ರಾಲ್ಫ್ ಪಿಯರ್ಸನ್ 1963ರಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಗಡಸು, ಮೃದು ಎಂದು ವಿಂಗಡಿಸಿದರು. ಗಡಸು ನೀರು, ಮೃದು ನೀರು ಎನ್ನುವಲ್ಲಿನ ಅರ್ಥ ಇದಲ್ಲ. ಚಿಕ್ಕ ಗಾತ್ರದ, ಆವೇಶ ಒಂದೆಡೆ ಸಾಂದ್ರವಾಗಿರುವ, ಎಲೆಕ್ಟ್ರಾನ್ ಮೋಡ ಸುಲಭವಾಗಿ ಅಲುಗದ ಕಣ ಗಡಸು. ದೊಡ್ಡ ಗಾತ್ರದ, ಆವೇಶ ಹರಡಿರುವ, ಎಲೆಕ್ಟ್ರಾನ್ ಮೋಡ ಪಕ್ಕದ ಕಣದ ಪ್ರಭಾವಕ್ಕೆ ಬೇಗನೆ ವಾಲುವ ಕಣ ಮೃದು. ಗಡಸು ಗಡಸನ್ನೂ, ಮೃದು ಮೃದುವನ್ನೂ ಬಯಸುತ್ತದೆ ಎಂಬುದು ಈ ನಿಯಮದ ಸಾರ.

ಇದನ್ನು ನಮ್ಮ ಅಣುವಿಗೆ ಅನ್ವಯಿಸಬೇಕಾದರೆ ಎರಡು ಬಗೆಯ ಆಕರ್ಷಣೆಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಆವೇಶಗಳ ನಡುವಿನ ಆಕರ್ಷಣೆ. ಧನ ಆವೇಶ ಎಲ್ಲಿ ಹೆಚ್ಚೋ ಅಲ್ಲಿಗೆ ಋಣ ಆವೇಶದ ಎಳೆತ ಹೆಚ್ಚು. ಆಕ್ಸಿಜನ್ನಿಗೆ ನೇರವಾಗಿ ಅಂಟಿಕೊಂಡ ಕಾರ್ಬೊನಿಲ್ ಕಾರ್ಬನ್ ಮೇಲೆಯೇ ಧನ ಆವೇಶ ಹೆಚ್ಚು. ಇನ್ನೊಂದು, ಕಕ್ಷಕಗಳ ನಡುವಿನ ಹೊಂದಾಣಿಕೆ. ನ್ಯೂಕ್ಲಿಯೋಫೈಲಿನ ತುಂಬಿದ ಕಕ್ಷಕದಿಂದ ಎಲೆಕ್ಟ್ರಾನ್ ಜೋಡಿ ಕೀಟೋನಿನ ಖಾಲಿ ಕಕ್ಷಕಕ್ಕೆ ಹರಿಯಬೇಕು. ಖಾಲಿ ಕಕ್ಷಕಗಳಲ್ಲಿ ಅತ್ಯಂತ ಕಡಿಮೆ ಶಕ್ತಿಯದು ನಾಲ್ಕೂ ಪರಮಾಣುಗಳ ಮೇಲೆ ಹರಡಿದ್ದರೂ ಸಮನಾಗಿ ಹರಡಿಲ್ಲ. ಅದರ ಅತಿ ದೊಡ್ಡ ಹಾಲೆ ಇರುವುದು ಬೀಟಾ ಕಾರ್ಬನ್ ಮೇಲೆ.

ಈಗ ಚಿತ್ರ ಸ್ಪಷ್ಟವಾಗುತ್ತದೆ. ಗಡಸು ನ್ಯೂಕ್ಲಿಯೋಫೈಲಿನ ತುಂಬಿದ ಕಕ್ಷಕ ಬಹಳ ಕಡಿಮೆ ಶಕ್ತಿಯದಾಗಿದ್ದು ಕೀಟೋನಿನ ಖಾಲಿ ಕಕ್ಷಕದಿಂದ ದೂರವಿರುತ್ತದೆ. ಅದಕ್ಕೆ ಆವೇಶದ ಎಳೆತವೇ ಮುಖ್ಯ. ಅದು ಕಾರ್ಬೊನಿಲ್ ಕಾರ್ಬನ್ನಿಗೆ ಹೋಗುತ್ತದೆ. ಮೃದು ನ್ಯೂಕ್ಲಿಯೋಫೈಲಿನ ತುಂಬಿದ ಕಕ್ಷಕ ಮೇಲಿನ ಶಕ್ತಿಮಟ್ಟದಲ್ಲಿದ್ದು ಖಾಲಿ ಕಕ್ಷಕಕ್ಕೆ ಹತ್ತಿರವಿರುತ್ತದೆ. ಅದಕ್ಕೆ ಕಕ್ಷಕಗಳ ಹೊಂದಾಣಿಕೆಯೇ ಮುಖ್ಯ. ಅದು ಬೀಟಾ ಕಾರ್ಬನ್ನಿಗೆ ಹೋಗುತ್ತದೆ. ಮೀಥೈಲ್ ಲಿಥಿಯಮ್ ನೇರ ಸಂಕಲನವನ್ನೂ, ಥಯೋಲ್‌ಗಳು ಮತ್ತು ಮೆಲೋನಿಕ್ ಎಸ್ಟರಿನಿಂದ ಬರುವ ಈನೊಲೇಟ್ ಸಂಯುಗ್ಮಿತ ಸಂಕಲನವನ್ನೂ ನಡೆಸುವುದನ್ನು ಹೀಗೆ ವಿವರಿಸುತ್ತಾರೆ. ಈ ಕೊನೆಯದು 1887ರಲ್ಲಿ ಆರ್ಥರ್ ಮೈಕೆಲ್ ವಿವರಿಸಿದ ಕ್ರಿಯೆ. ಅವರ ಹೆಸರಿನಿಂದಲೇ ಇಂದಿಗೂ ಅದನ್ನು ಕರೆಯುತ್ತೇವೆ.

ತಾಮ್ರ ಮಾಡುವ ಕೆಲಸ

ಗ್ರಿನ್ಯಾರ್ ಕಾರಕದಲ್ಲಿ ಮೀಥೈಲ್ ಗುಂಪು ಮೆಗ್ನೀಸಿಯಮ್‌ಗೆ ಅಂಟಿದೆ. ಮೆಗ್ನೀಸಿಯಮ್ ಅಯಾನು ಗಡಸು, ಆಕ್ಸಿಜನ್ ಕೂಡ ಗಡಸು. ಆದುದರಿಂದ ಮೆಗ್ನೀಸಿಯಮ್ ಮೊದಲು ಕಾರ್ಬೊನಿಲ್ ಆಕ್ಸಿಜನ್ನನ್ನು ಹಿಡಿದುಕೊಳ್ಳುತ್ತದೆ. ಇದರಿಂದ ಕಾರ್ಬೊನಿಲ್ ಕಾರ್ಬನ್ನಿನ ಧನ ಆವೇಶ ಇನ್ನಷ್ಟು ಹೆಚ್ಚುತ್ತದೆ, ಮೀಥೈಲ್ ಗುಂಪೂ ಅದರ ಹತ್ತಿರಕ್ಕೇ ಬಂದಿರುತ್ತದೆ. ನೇರ ಸಂಕಲನ ನಡೆದುಹೋಗುತ್ತದೆ.

ಕ್ಯುಪ್ರಸ್ ಕ್ಲೋರೈಡ್ ಹಾಕಿದಾಗ ಕೆಲವು ಮೀಥೈಲ್ ಗುಂಪುಗಳು ಮೆಗ್ನೀಸಿಯಮ್‌ನಿಂದ ತಾಮ್ರಕ್ಕೆ ವರ್ಗವಾಗುತ್ತವೆ. ಹೀಗೆ ಉಂಟಾದ ತಾಮ್ರದ ಸಂಯುಕ್ತವೇ ಸಂಯುಗ್ಮಿತ ಸಂಕಲನದ ನಿಜವಾದ ಕಾರಕ. ಖರಾಷ್ ಅವರ ಕಾಲದಲ್ಲಿ ಇದು ಖಚಿತವಾಗಿರಲಿಲ್ಲ. 1952ರಲ್ಲಿ ಹೆನ್ರಿ ಗಿಲ್ಮನ್ ಮತ್ತು ಸಹೋದ್ಯೋಗಿಗಳು ಮೀಥೈಲ್ ಲಿಥಿಯಮ್ ಹಾಗೂ ತಾಮ್ರದ ಲವಣದಿಂದ ಲಿಥಿಯಮ್ ಡೈಮೀಥೈಲ್ ಕ್ಯುಪ್ರೇಟನ್ನು ತಯಾರಿಸಿದರು. 1966ರಲ್ಲಿ ಹರ್ಬರ್ಟ್ ಹೌಸ್ ಮತ್ತು ಸಂಗಡಿಗರು ಇಂಥ ತಾಮ್ರದ ಸಂಯುಕ್ತಗಳೇ ಸಂಯುಗ್ಮಿತ ಸಂಕಲನಕ್ಕೆ ಕಾರಣವೆಂದು ತೋರಿಸಿಕೊಟ್ಟರು.

ತಾಮ್ರ ಹೇಗೆ ಈ ಕೆಲಸ ಮಾಡುತ್ತದೆ? ಅದಕ್ಕೆ ಎಲೆಕ್ಟ್ರಾನ್ ತುಂಬಿದ ಡಿ ಕಕ್ಷಕಗಳಿವೆ. ಇವು ಕಾರ್ಬನ್-ಕಾರ್ಬನ್ ದ್ವಿಬಂಧದೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಮೊದಲು ತಾಮ್ರವು ದ್ವಿಬಂಧದ ಮೇಲೆ ಕುಳಿತು ಸಂಕೀರ್ಣವೊಂದನ್ನು ರಚಿಸುತ್ತದೆ. ಬಳಿಕ ತಾಮ್ರವೇ ಬೀಟಾ ಕಾರ್ಬನ್ನಿನೊಂದಿಗೆ ಬಂಧ ರಚಿಸಿಕೊಂಡು, ಒಂದನೆಯ ಉತ್ಕರ್ಷಣ ಸ್ಥಿತಿಯಿಂದ ಮೂರನೆಯದಕ್ಕೆ ಏರುತ್ತದೆ. ಕೊನೆಗೆ ತಾನು ಹೊತ್ತಿದ್ದ ಮೀಥೈಲ್ ಗುಂಪನ್ನು ಬೀಟಾ ಕಾರ್ಬನ್ನಿಗೆ ಜೋಡಿಸಿ, ತಾನು ಮತ್ತೆ ಒಂದನೆಯ ಸ್ಥಿತಿಗೆ ಮರಳಿ ಹೊರಬರುತ್ತದೆ. ಮೂರನೆಯ ಸ್ಥಿತಿಯ ಈ ಮಧ್ಯವರ್ತಿಯನ್ನು ಬಹುಕಾಲ ಕಾಗದದ ಮೇಲಷ್ಟೇ ಬರೆಯುತ್ತಿದ್ದರು. 2007ರಲ್ಲಿ ಅತಿ ತಣ್ಣಗಿನ ದ್ರಾವಣಕ್ಕೆ ಕಾರಕವನ್ನು ಕ್ಷಿಪ್ರವಾಗಿ ಚುಚ್ಚಿ, ಎನ್.ಎಂ.ಆರ್. ಉಪಕರಣದಲ್ಲಿ ಅದನ್ನು ನೇರವಾಗಿ ಗುರುತಿಸಲಾಯಿತು. ಹೊರಬಂದ ತಾಮ್ರ ಮತ್ತೊಂದು ಮೀಥೈಲ್ ಗುಂಪನ್ನು ಗ್ರಿನ್ಯಾರ್ ಕಾರಕದಿಂದ ಪಡೆದು ಅದೇ ಸುತ್ತನ್ನು ಆರಂಭಿಸುತ್ತದೆ. ನೂರಕ್ಕೆ ಒಂದು ಪಾಲು ತಾಮ್ರ ಸಾಕಾಗುವುದು ಹೀಗೆ.

ನೂರಕ್ಕೆ ಒಂದೇ ಪಾಲು ಇದ್ದರೂ ಅದು ಗೆದ್ದಿತಲ್ಲ, ಹಾಗಾದರೆ ಅದರ ವೇಗ ಎಷ್ಟಿರಬೇಕು? ಸ್ಥೂಲವಾಗಿ ಅಂದಾಜು ಮಾಡಬಹುದು. ಸಂಯುಗ್ಮಿತ ಸಂಕಲನ 83, ನೇರ ಸಂಕಲನ 7, ಅನುಪಾತ ಸುಮಾರು 12. ತಾಮ್ರದ ಕಾರಕಕ್ಕಿಂತ ಮೆಗ್ನೀಸಿಯಮ್ ಕಾರಕ ಸುಮಾರು ನೂರು ಪಟ್ಟು ಹೆಚ್ಚಿದೆ. ಇಷ್ಟು ಅಲ್ಪಸಂಖ್ಯೆಯಲ್ಲಿದ್ದೂ ಹನ್ನೆರಡು ಪಟ್ಟು ಹೆಚ್ಚು ಕೆಲಸ ಮಾಡಬೇಕಾದರೆ, ತಾಮ್ರದ ಒಂದೊಂದು ಕಣವೂ ಮೆಗ್ನೀಸಿಯಮ್ ಕಾರಕದ ಒಂದು ಕಣಕ್ಕಿಂತ ಸಾವಿರ ಪಟ್ಟಿನ ಆಸುಪಾಸಿನಲ್ಲಿ ಚುರುಕಾಗಿರಬೇಕು. ಕ್ರಿಯೆ ಮುಂದುವರಿದಂತೆ ಗ್ರಿನ್ಯಾರ್ ಕಾರಕದ ಪ್ರಮಾಣ ಇಳಿಯುವುದರಿಂದ ಈ ಸಂಖ್ಯೆಯನ್ನು ಅಂದಾಜೆಂದೇ ತಿಳಿಯಬೇಕು. ಆದರೂ ಒಂದು ವಿಷಯ ಅದರಿಂದ ಸ್ಪಷ್ಟವಾಗುತ್ತದೆ. ತಾಮ್ರ ನೇರ ಸಂಕಲನವನ್ನು ತಡೆಯುವುದಿಲ್ಲ. ಅದಕ್ಕಿಂತ ವೇಗವಾದ ಇನ್ನೊಂದು ದಾರಿಯನ್ನು ತೆರೆಯುತ್ತದೆ, ಅಷ್ಟೆ. ಉಳಿದ ಶೇಕಡಾ 7 ಡೈಈನ್ ಇದಕ್ಕೆ ಸಾಕ್ಷಿ.

ಯಾವ ಉತ್ಪನ್ನ ಬಂದಿದೆಯೆಂದು ತಿಳಿಯುವುದು ಹೇಗೆ?

ನೇರ ಸಂಕಲನದ ಆಲ್ಕೊಹಾಲ್ ಮತ್ತು ಸಂಯುಗ್ಮಿತ ಸಂಕಲನದ ಕೀಟೋನ್ ಎರಡರ ಅಣುಸೂತ್ರವೂ C10H18O. ಅವು ಸಮಾಂಗಿಗಳು. ಧಾತುಗಳ ಶೇಕಡಾ ಪ್ರಮಾಣವನ್ನು ವಿಶ್ಲೇಷಿಸಿದರೂ, ಅಣುಭಾರವನ್ನು ಅಳೆದರೂ ಎರಡಕ್ಕೂ ಒಂದೇ ಉತ್ತರ. ಆದುದರಿಂದ ಬೇರೆ ಪರೀಕ್ಷೆ ಬೇಕು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಮಾಡಬಹುದಾದದ್ದು 2,4-ಡೈನೈಟ್ರೊ ಫಿನೈಲ್ ಹೈಡ್ರಜೀನ್ ಪರೀಕ್ಷೆ. ಸಂಯುಗ್ಮಿತ ಕೀಟೋನಾದ ಐಸೊಫೋರೋನ್ ಕಿತ್ತಳೆಗೆಂಪಿನ ಒತ್ತರವನ್ನು ಕೊಡುತ್ತದೆ. ಪರ್ಯಾಪ್ತ ಕೀಟೋನ್ ಹಳದಿಯ ಕಡೆಗಿನ ಬಣ್ಣವನ್ನು ಕೊಡುತ್ತದೆ. ಶುದ್ಧ ಆಲ್ಕೊಹಾಲ್ ಒತ್ತರವನ್ನೇ ಕೊಡುವುದಿಲ್ಲ. ಒತ್ತರ ಬಂದರೂ ಕೆಂಪಾಗಿದ್ದರೆ ಕೀಟೋನ್ ಬದಲಾಗದೆ ಉಳಿದಿದೆಯೇ ಎಂದು ಸಂಶಯಪಡಬೇಕು.

ಅವಕೆಂಪು ರೋಹಿತದಲ್ಲಿ ಐಸೊಫೋರೋನಿನ ಕಾರ್ಬೊನಿಲ್ ಸುಮಾರು 1670ರಲ್ಲಿ, ಪರ್ಯಾಪ್ತ ಕೀಟೋನಿನದು 1710ರ ಆಸುಪಾಸಿನಲ್ಲಿ ಕಾಣುತ್ತದೆ. ಏಕಮಾನ ಸೆಂಟಿಮೀಟರಿಗೆ ತರಂಗಗಳ ಸಂಖ್ಯೆ. ಸಂಯುಗ್ಮನ ತಪ್ಪಿದಾಗ ಕಾರ್ಬೊನಿಲ್ ಬಂಧ ಗಟ್ಟಿಯಾಗುವುದೇ ಈ ಏರಿಕೆಗೆ ಕಾರಣ. ಆಲ್ಕೊಹಾಲಿನಲ್ಲಿ ಈ ಪಟ್ಟಿ ಮಾಯವಾಗಿ 3400ರ ಸುತ್ತ ಅಗಲವಾದ ಪಟ್ಟಿ ಬರುತ್ತದೆ.

ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಪ್ರೋಟಾನ್ ಎನ್.ಎಂ.ಆರ್. ನಿಂದ ದೊರೆಯುತ್ತದೆ. ಐಸೊಫೋರೋನಿನ ದ್ವಿಬಂಧದ ಹೈಡ್ರೊಜನ್ 5.9ರ ಸುತ್ತ ಕಾಣುತ್ತದೆ. ಸಂಯುಗ್ಮಿತ ಸಂಕಲನವಾದರೆ ಆ ಭಾಗ ಖಾಲಿಯಾಗುತ್ತದೆ. ಉತ್ಪನ್ನದ ರಚನೆಯನ್ನು ಬರೆದು ನೋಡಿ. ಮೂರನೆಯ ಮತ್ತು ಐದನೆಯ ಕಾರ್ಬನ್‌ಗಳ ಮೇಲೆ ಎರಡೆರಡು ಮೀಥೈಲ್‌ಗಳು. ಉಂಗುರದ ಎಡಭಾಗ ಬಲಭಾಗದ ಪ್ರತಿಬಿಂಬ. ಹದಿನೆಂಟು ಹೈಡ್ರೊಜನ್‌ಗಳಿದ್ದರೂ ಮೂರೇ ಮೂರು ಒಂಟಿ ಗೆರೆಗಳು ಬರುತ್ತವೆ, ಅವುಗಳ ವಿಸ್ತೀರ್ಣ 12, 4, 2ರ ಪ್ರಮಾಣದಲ್ಲಿರುತ್ತದೆ. ಹನ್ನೆರಡು ಮೀಥೈಲ್ ಹೈಡ್ರೊಜನ್‌ಗಳು, ಕಾರ್ಬೊನಿಲ್ ಪಕ್ಕದ ನಾಲ್ಕು, ಎದುರಿನ ಎರಡು. ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೇ ಈ ಗೆರೆಗಳನ್ನು ಎಣಿಸಿಸಿದರೆ ಸಂಯುಗ್ಮಿತ ಸಂಕಲನವನ್ನು ಅವರು ಮರೆಯಲಾರರು.

ಪ್ರಯೋಗ ಎಡವುವ ಜಾಗಗಳನ್ನೂ ಹೇಳಬೇಕು. ಕ್ಯುಪ್ರಸ್ ಕ್ಲೋರೈಡ್ ಬಿಳಿಯ ಪುಡಿ. ಅದು ಹಸಿರಾಗಿದ್ದರೆ ಗಾಳಿಗೆ ಸಿಕ್ಕು ಕ್ಯುಪ್ರಿಕ್ ಸ್ಥಿತಿಗೆ ಹೋಗಿದೆ ಎಂದರ್ಥ. ತಾಮ್ರದ ಕಾರಕ ಬಿಸಿಯನ್ನು ತಡೆಯದು. ಫ್ಲಾಸ್ಕನ್ನು ಮಂಜುಗಡ್ಡೆಯಲ್ಲಿಟ್ಟು ಕೀಟೋನನ್ನು ನಿಧಾನವಾಗಿ ತೊಟ್ಟಿಕ್ಕಿಸಬೇಕು. ಕಾರಕ ಒಡೆದು ತಾಮ್ರವೇ ಕಪ್ಪಾಗಿ ತಳಕ್ಕೆ ಕೂತರೆ ವೇಗದ ದಾರಿ ಮುಚ್ಚಿಹೋಗಿ ನೇರ ಸಂಕಲನ ಮೇಲುಗೈ ಪಡೆಯುತ್ತದೆ. ಕೊನೆಯಲ್ಲಿ ಪ್ರಬಲ ಆಮ್ಲದ ಬದಲು ತಣ್ಣಗಿನ ಅಮೋನಿಯಮ್ ಕ್ಲೋರೈಡ್ ದ್ರಾವಣವನ್ನು ಬಳಸಬೇಕು. ಇಲ್ಲದಿದ್ದರೆ ಬಂದಿದ್ದ ಆಲ್ಕೊಹಾಲೂ ಡೈಈನ್ ಆಗಿ, ಯಾವುದು ಎಷ್ಟಿತ್ತು ಎಂಬ ಲೆಕ್ಕವೇ ತಪ್ಪುತ್ತದೆ.

ನಿಯಮದ ಮಿತಿಗಳು

ಗಡಸು ಮತ್ತು ಮೃದು ಎಂಬ ಹೆಸರುಗಳು ನೆನಪಿಡಲು ಅನುಕೂಲವಾದವು. ಆದರೆ ಅವನ್ನು ಹಣೆಪಟ್ಟಿಯಂತೆ ಅಂಟಿಸಿ ಉತ್ತರ ಹೇಳಹೊರಟರೆ ಸೋಲುವ ಸಂದರ್ಭಗಳಿವೆ. ಎರಡನ್ನು ಮಾತ್ರ ನೋಡೋಣ.

ಮೊದಲನೆಯದು ಗ್ರಿನ್ಯಾರ್ ಕಾರಕದ್ದೇ. ಫಿನೈಲ್ ಮೆಗ್ನೀಸಿಯಮ್ ಬ್ರೋಮೈಡನ್ನು ಸಿನಮಾಲ್ಡಿಹೈಡಿಗೆ ಸೇರಿಸಿದರೆ ನೇರ ಸಂಕಲನ ನಡೆಯುತ್ತದೆ. ಅದನ್ನೇ ಚಾಲ್ಕೋನಿಗೆ ಸೇರಿಸಿದರೆ ತಾಮ್ರದ ನೆರವಿಲ್ಲದೆಯೇ ಬಹುಪಾಲು ಸಂಯುಗ್ಮಿತ ಸಂಕಲನ ನಡೆಯುತ್ತದೆ. ಎರಡೂ ಅಣುಗಳಲ್ಲಿ ಬೀಟಾ ಕಾರ್ಬನ್ ಮೇಲೆ ಫಿನೈಲ್ ಗುಂಪಿದೆ. ವ್ಯತ್ಯಾಸ ಇರುವುದು ಕಾರ್ಬೊನಿಲ್ ಕಡೆ. ಸಿನಮಾಲ್ಡಿಹೈಡಿನಲ್ಲಿ ಅಲ್ಲಿ ಪುಟ್ಟ ಹೈಡ್ರೊಜನ್ ಇದ್ದರೆ, ಚಾಲ್ಕೋನಿನಲ್ಲಿ ದೊಡ್ಡ ಫಿನೈಲ್ ಗುಂಪು ಅಡ್ಡ ನಿಂತಿದೆ. ಕಾರಕದ ಗಡಸುತನ ಬದಲಾಗಲಿಲ್ಲ, ದಾರಿ ಬದಲಾಯಿತು. ಜಾಗದ ಇಕ್ಕಟ್ಟು ಐಸೊಫೋರೋನಿನಲ್ಲಿ ತಾಮ್ರದ ಮುಂದೆ ಸೋತರೂ, ಇಲ್ಲಿ ತಾನೇ ತೀರ್ಮಾನ ಮಾಡಿತು.

ಎರಡನೆಯದು ಸಯನೈಡಿನದು. ಮೀಥೈಲ್ ವಿನೈಲ್ ಕೀಟೋನಿಗೆ ಹೈಡ್ರೊಜನ್ ಸಯನೈಡನ್ನು 5ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೇರಿಸಿದರೆ ನೇರ ಸಂಕಲನದ ಸಯನೋಹೈಡ್ರಿನ್ ಬರುತ್ತದೆ. 80 ಡಿಗ್ರಿಯಲ್ಲಿ ಸಂಯುಗ್ಮಿತ ಸಂಕಲನದ ಉತ್ಪನ್ನ ಬರುತ್ತದೆ. ಇದು ಕಡುವಿಷವಾದ್ದರಿಂದ ತರಗತಿಯಲ್ಲಿ ಮಾಡಿ ತೋರಿಸುವಂಥದ್ದಲ್ಲ. ಆದರೆ ಯೋಚಿಸತಕ್ಕದ್ದು. ಕಣ ಅದೇ ಸಯನೈಡ್. ಅದರ ಗಡಸುತನ ಉಷ್ಣತೆಯಿಂದ ಬದಲಾಯಿತು ಎನ್ನಲಾಗದು. ಹಾಗಾದರೆ ಆದದ್ದೇನು?

ಸಯನೋಹೈಡ್ರಿನ್ ಬೇಗ ಉಂಟಾಗುತ್ತದೆ, ಬೇಗ ಒಡೆದು ಮತ್ತೆ ಕೀಟೋನೂ ಸಯನೈಡೂ ಆಗುತ್ತದೆ. ಸಂಯುಗ್ಮಿತ ಸಂಕಲನ ನಿಧಾನ, ಆದರೆ ಒಮ್ಮೆ ಆದರೆ ಸುಲಭವಾಗಿ ಹಿಂದಿರುಗುವುದಿಲ್ಲ. ಕಾರಣ, ನೇರ ಸಂಕಲನದಲ್ಲಿ ಬಲವಾದ ಕಾರ್ಬನ್-ಆಕ್ಸಿಜನ್ ಪೈ ಬಂಧ ನಷ್ಟವಾಗುತ್ತದೆ. ಸಂಯುಗ್ಮಿತ ಸಂಕಲನದಲ್ಲಿ ಅದು ಉಳಿದುಕೊಂಡು, ದುರ್ಬಲವಾದ ಕಾರ್ಬನ್-ಕಾರ್ಬನ್ ಪೈ ಬಂಧ ಮಾತ್ರ ಹೋಗುತ್ತದೆ. ತಣ್ಣಗಿರುವಾಗ ಬೇಗ ಆಗುವುದು ಗೆಲ್ಲುತ್ತದೆ. ಬಿಸಿಯಲ್ಲಿ ಹಿಂದೆ ಮುಂದೆ ಓಡಾಡಲು ಅವಕಾಶವಿರುವುದರಿಂದ ಸ್ಥಿರವಾದದ್ದು ಗೆಲ್ಲುತ್ತದೆ.

ಇದರಿಂದ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಥಯೋಲ್ ಅಥವಾ ಮೆಲೋನಿಕ್ ಎಸ್ಟರ್ ಸಂಯುಗ್ಮಿತ ಸಂಕಲನ ನಡೆಸುವುದು ನಿಜಕ್ಕೂ ಮೃದುತ್ವದಿಂದಲೋ, ಅಥವಾ ಅವುಗಳ ನೇರ ಸಂಕಲನ ಹಿಂದಿರುಗಬಲ್ಲುದಾದ್ದರಿಂದಲೋ? ಅನೇಕ ಕ್ರಿಯೆಗಳಲ್ಲಿ ಎರಡನೆಯ ಕಾರಣಕ್ಕೂ ಪಾಲಿದೆ. ಎರಡು ನೆಲೆಗಳಿರುವ ಕಣಗಳ ವರ್ತನೆಯನ್ನು ಗಡಸು-ಮೃದು ನಿಯಮದಿಂದ ವಿವರಿಸುವುದನ್ನೇ ಕೈಬಿಡಬೇಕೆಂದು ಹರ್ಬರ್ಟ್ ಮಾಯರ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ವಾದಿಸಿದರು. ಅವರ ಚರ್ಚೆ ಮುಖ್ಯವಾಗಿ ನ್ಯೂಕ್ಲಿಯೋಫೈಲ್‌ನಲ್ಲೇ ಎರಡು ನೆಲೆಗಳಿರುವ ಸಂದರ್ಭದ್ದಾದರೂ, ವೇಗವನ್ನೂ ಸ್ಥಿರತೆಯನ್ನೂ ಬೇರೆ ಬೇರೆ ಅಳೆದು ನೋಡಬೇಕೆಂಬ ಎಚ್ಚರಿಕೆ ನಮ್ಮ ಅಣುವಿಗೂ ಸಲ್ಲುತ್ತದೆ. ಮೀಥೈಲ್ ಗ್ರಿನ್ಯಾರ್ ವಿಷಯದಲ್ಲಿ ಈ ಸಂಶಯವಿಲ್ಲ. ಅಲ್ಲಿ ಒಮ್ಮೆ ಉಂಟಾದ ಕಾರ್ಬನ್-ಕಾರ್ಬನ್ ಬಂಧ ಆ ಸ್ಥಿತಿಗಳಲ್ಲಿ ಒಡೆಯುವುದಿಲ್ಲ. ಆದ್ದರಿಂದ ಖರಾಷ್ ಅವರ ಫಲಿತಾಂಶ ನಿಜವಾಗಿ ವೇಗಗಳ ಸ್ಪರ್ಧೆ.

ಹಾಗಾದರೆ ಹೊಸ ಕ್ರಿಯೆಯೊಂದು ಎದುರಾದಾಗ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿಕೊಳ್ಳಿ. ನೇರ ಸಂಕಲನ ಇಲ್ಲಿ ಹಿಂದಿರುಗಬಲ್ಲುದೇ? ಬಲ್ಲುದಾದರೆ, ಸಾಕಷ್ಟು ಕಾಲ ಮತ್ತು ಉಷ್ಣತೆ ಸಿಕ್ಕಾಗ ಸಂಯುಗ್ಮಿತ ಉತ್ಪನ್ನವನ್ನೇ ನಿರೀಕ್ಷಿಸಿ. ಹಿಂದಿರುಗದಾದರೆ, ಕಾರಕದಲ್ಲಿರುವ ಲೋಹ ಯಾವುದು, ಅದು ಆಕ್ಸಿಜನ್ನನ್ನು ಹಿಡಿಯುವುದೋ, ದ್ವಿಬಂಧವನ್ನು ಹಿಡಿಯುವುದೋ? ಕೊನೆಯದಾಗಿ, ಎರಡು ನೆಲೆಗಳಲ್ಲಿ ಯಾವುದರ ಸುತ್ತ ಇಕ್ಕಟ್ಟು ಹೆಚ್ಚು? ಗಡಸು ಮತ್ತು ಮೃದು ಎಂಬ ಮಾತು ಎರಡನೆಯ ಪ್ರಶ್ನೆಗೆ ಸಂಕ್ಷಿಪ್ತ ಉತ್ತರ, ಮೂರಕ್ಕೂ ಅಲ್ಲ.

ಹೊಲದ ಬದುವಿನಲ್ಲಿ ಅದೇ ಕ್ರಿಯೆ

ಈ ಕ್ರಿಯೆ ಫ್ಲಾಸ್ಕಿನಲ್ಲಷ್ಟೇ ನಡೆಯುವುದಿಲ್ಲ. ನಮ್ಮ ರಸ್ತೆಬದಿ, ಹೊಲದ ಬದುಗಳನ್ನೆಲ್ಲ ಆಕ್ರಮಿಸಿರುವ ಪಾರ್ಥೇನಿಯಂ, ಜನರ ಮಾತಿನ ಕಾಂಗ್ರೆಸ್ ಗಿಡ, ಕೆಲವರ ಚರ್ಮದಲ್ಲಿ ತೀವ್ರವಾದ ತುರಿಕೆ ಮತ್ತು ಉರಿಯೂತವನ್ನು ಉಂಟುಮಾಡುತ್ತದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿನ ಅಣುವಿನಲ್ಲಿ ಎರಡು ಕಡೆ ಆಲ್ಫಾ-ಬೀಟಾ ಅಪರ್ಯಾಪ್ತ ಕಾರ್ಬೊನಿಲ್ ಇದೆ. ಒಂದು ಐದು ಕಾರ್ಬನ್ನಿನ ಉಂಗುರದ ಕೀಟೋನಿನಲ್ಲಿ, ಇನ್ನೊಂದು ಲ್ಯಾಕ್ಟೋನ್ ಉಂಗುರಕ್ಕೆ ಅಂಟಿದ CH2 ಗುಂಪಿನಲ್ಲಿ. ಈ CH2 ಬೀಟಾ ಕಾರ್ಬನ್. ಅದರ ಸುತ್ತ ಇಕ್ಕಟ್ಟಿಲ್ಲ.

ಚರ್ಮದ ಪ್ರೋಟೀನುಗಳಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲವಿದೆ. ಅದರ ತುದಿಯಲ್ಲಿರುವುದು ಥಯೋಲ್ ಗುಂಪು. ಗಂಧಕ ದೊಡ್ಡ ಪರಮಾಣು, ಮೃದು. ಅದು ಕಾರ್ಬೊನಿಲ್ ಕಾರ್ಬನ್ನಿಗೆ ಸೇರಿದರೂ ಆ ಬಂಧ ನಿಲ್ಲುವುದಿಲ್ಲ, ಬಿಟ್ಟುಹೋಗುತ್ತದೆ. ಬೀಟಾ ಕಾರ್ಬನ್ನಿಗೆ ಸೇರಿದರೆ ಗಟ್ಟಿಯಾದ ಕಾರ್ಬನ್-ಗಂಧಕ ಬಂಧ ಉಂಟಾಗಿ, ಪಾರ್ಥೆನಿನ್ ಆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹೀಗೆ ರೂಪ ಬದಲಿಸಿದ ಪ್ರೋಟೀನನ್ನು ದೇಹದ ರೋಗರಕ್ಷಣಾ ವ್ಯವಸ್ಥೆ ಹೊರಗಿನ ವಸ್ತುವೆಂದು ತಿಳಿಯುತ್ತದೆ. ಮುಂದಿನ ಸಲ ಗಿಡ ಸೋಕಿದಾಗ ಕಾಣುವ ಉರಿಯೂತ ಅದರ ಪ್ರತಿಭಟನೆ. ಮೇಲಿನ ಮೂರು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿ ನೋಡಿ. ನೇರ ಸಂಕಲನ ಹಿಂದಿರುಗುತ್ತದೆ, ಆಕ್ಸಿಜನ್ನನ್ನು ಹಿಡಿಯುವ ಲೋಹವಿಲ್ಲ, ಬೀಟಾ ಕಾರ್ಬನ್ ತೆರವಾಗಿದೆ. ಮೂರೂ ಉತ್ತರಗಳು ಸಂಯುಗ್ಮಿತ ಸಂಕಲನವನ್ನೇ ತೋರಿಸುತ್ತವೆ. ಗಿಡವನ್ನು ಕೀಳುವಾಗ ಕೈಗವಸು ತೊಟ್ಟು, ತೋಳು ಮುಚ್ಚಿಕೊಳ್ಳಬೇಕು ಎನ್ನುವುದು ಈ ಬೀಟಾ ಕಾರ್ಬನ್ನಿಗೂ ಚರ್ಮದ ಗಂಧಕಕ್ಕೂ ಭೇಟಿಯಾಗದಂತೆ ನೋಡಿಕೊಳ್ಳುವ ಉಪಾಯವೇ.